ಬೆಂಕಿ ಪಾಲಿಸಿಯಲ್ಲಿ ನನ್ನ ಬಾಯ್ಲರ್

ಗೆಳತಿಯರೇ, ಮೊನ್ನೆ ಚಿನ್ನದ ಗಣಿಯ ಪಕ್ಕದ ಆಂಡರ್ಸನ್‌ಪೇಟೆಯ ನಮ್ಮ ಮನೆಯಲ್ಲಿ ಸ್ನಾನದ ನೀರು ಕಾಯಿಸುವ ತಾಮ್ರದ ಬಾಯ್ಲರ್ ಸಿಡಿದು ಬಚ್ಚಲುಮನೆಯ ಗೋಡೆ ಬಿತ್ತು. ನಾನು ಸೌದೆ ತರಲು ಹಿತ್ತಲಿಗೆ ಹೋಗಿದ್ದೆ, ಬದುಕಿಕೊಂಡೆ. ನನ್ನ ಟೀಚರ್ ಪೆನ್ಶನ್‌ನಲ್ಲಿ ಗೋಡೆ ಏಳುವುದಿಲ್ಲ. ಅವತ್ತೇ ವಿಮೆಯವರಿಗೆ ಕಾಗದ ಬರೆದೆ.

ಇವತ್ತು ಬಂಗಾರಪೇಟೆಯಿಂದ ಏಜೆಂಟ್ ಮುನಿಯಪ್ಪ ಬಂದ. ನಾಲ್ಕನೇ ಕ್ಲಾಸಿನಲ್ಲಿ ನನ್ನ ಹತ್ತಿರ ಓದಿದವನು.

"ಟೀಚರಮ್ಮ, ನಿಮ್ದು ಬೆಂಕಿ ಪಾಲಿಸಿ. ಬೆಂಕಿನೇ ಅತ್ತಿಲ್ವಲ್ಲ," ಅಂದ. "ಗಣಿಯೊಳ್ಗೆ ಬಂಡೆ ಸಿಡಿದು ನೆಲ ನಡುಗೈತೆ, ಅದುಕ್ಕೇ ಗೋಡೆ ಬಿದ್ದೈತೆ. ಅದು ಪಾಲಿಸೀಲಿಲ್ಲ."

"ನೆಲ ನಡುಗಿದ್ರೆ ಬಾಯ್ಲರ್ ಮುಚ್ಚಳ ಪಕ್ಕದ್ಮನೆ ಹೆಂಚಿನ ಮೇಲೆ ಹೋಗಿ ಕೂರಲ್ಲ ಕಣಯ್ಯ."

ಮನೆಗೆ ಹುಲ್ಲಿನ ಚಾವಣಿ ಇದ್ದ ಕಾಲದಲ್ಲಿ ಬೆಂಕಿಗೆ ಹೆದರಿ ಮಾಡಿಸಿದ ಪಾಲಿಸಿ ಅದು. ಒಳಗೇನಿದೆ ಅಂತ ನನಗೂ ಮರೆತಿತ್ತು. ಭೂತಗನ್ನಡಿ ಹಿಡಿದು ಆ ಇಂಗ್ಲಿಷನ್ನು ಎರಡು ದಿನ ಸಾಲು ಸಾಲಾಗಿ ಓದಿದ್ದೆ. ಬೆಂಕಿ, ಸಿಡಿಲು, ಆಮೇಲೆ ಮನೆಬಳಕೆಯ ಬಾಯ್ಲರ್ ಸಿಡಿದರೆ ಆಗುವ ನಷ್ಟ, ಮೂರೂ ಮೊದಲ ಪುಟದಲ್ಲೇ ಇವೆ. ಮುನಿಯಪ್ಪನಿಂದಲೇ ಗಟ್ಟಿಯಾಗಿ ಓದಿಸಿದೆ. ಎರಡು ಕಡೆ ತಡವರಿಸಿದ.

"ಮನೆಬಳಕೆದು ಅನ್ನಕ್ಕೆ ರುಜುವಾತು?"

"ಅದರ ನೀರಲ್ಲಿ ದಿನಾ ಸ್ನಾನ ಮಾಡ್ತಿದ್ದೆ. ಮಾಡಿ ತೋರಿಸಕ್ಕಾಗಲ್ಲ, ಬರ್ಕೋ."

ಬರೆದುಕೊಂಡ. ಹದಿನೈದು ದಿನದೊಳಗೆ ನಷ್ಟದ ವಿವರ ಕೊಡಬೇಕೆಂದು ಹಿಂದಿನ ಪುಟದಲ್ಲಿತ್ತು. ಬರೆದಿಟ್ಟಿದ್ದ ಆ ವಿವರವನ್ನೂ ಗಾರೆ ಮೇಸ್ತ್ರಿಯ ಖರ್ಚಿನ ಅಂದಾಜನ್ನೂ ಅವನ ಕೈಗಿಟ್ಟೆ.

"ನಮ್ ಕಂಪ್ನಿ ಸರ್ವೆಯರ್ ಬಂದು ನಷ್ಟ ನೋಡೋಗಂಟ ಇಟ್ಟಿಗೆ ಮುಟ್ಬೇಡಿ. ಗೋಡೆ ದುಡ್ಡು ಬತ್ತೈತೆ," ಅಂತ ಹೇಳಿ ಹೊರಟ.

ಈ ಪಾಲಿಸಿಯನ್ನು ಎಷ್ಟು ಮನೆಗೆ ಮಾರಿದ್ದಾನೋ ಗೊತ್ತಿಲ್ಲ, ಓದಿದ್ದು ಮಾತ್ರ ಇವತ್ತೇ ಮೊದಲು.