‘ಎ’ ಮತ್ತು ‘ದ’ ಇಲ್ಲದ ಮನೆ

ಸೊರಬದಲ್ಲಿ ಇಂಗ್ಲಿಷ್ ಶಿಕ್ಷಕರ ತರಬೇತಿ ನಡೆದಿತ್ತು. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ನಾಮಪದದ ಹಿಂದಿನ ‘ಎ’ (a), ‘ದ’ (the) ಬಿಟ್ಟು ಬರೆಯುವುದು ಬರೀ ಅಸಡ್ಡೆಯಿಂದ ಎಂದರು ತರಬೇತುದಾರರು. ಶಿಕಾರಿಪುರದಲ್ಲಿ ನಾನು ಮನೆಯೊಳಗೆ ಉರ್ದು, ಹೊರಗೆ ಕನ್ನಡ ಆಡಿ ಬೆಳೆದವಳು. ಎರಡರಲ್ಲೂ ಆ ಪದಗಳಿಲ್ಲ. ಇದೇ ತಪ್ಪಿಗೆ ಶಾಲೆಯಲ್ಲಿ ಬೈಸಿಕೊಂಡಿದ್ದ ನನಗೆ ಸುಮ್ಮನಿರಲಾಗಲಿಲ್ಲ. ಎದ್ದು ನಿಂತೆ.

“ಅಸಡ್ಡೆ ಅಲ್ಲ ರೀ ಸರ್. ‘ಬೀದೀಲಿ ನಾಯಿ ಬಂತು, ನಾಯಿ ಬೊಗಳ್ತು’ ಅಂತೀವಿ. ಇಂಗ್ಲಿಷಲ್ಲಿ ಮೊದಲ್ನೇದು ‘ಎ ಡಾಗ್’, ಕೇಳೋರಿಗೆ ಹೊಸದು. ಆಮೇಲೆ ‘ದ ಡಾಗ್’, ಈಗ ಗೊತ್ತಾಗಿರೋದು. ನಮಗೆ ಎರಡೂ ನಾಯಿನೇ. ಯಾವ್ದು ಅಂತ ಮಾತಿನ ಓಟದಲ್ಲೇ ತಿಳೀತದೆ.”

“ಅಂದ್ರೆ ಕನ್ನಡಕ್ಕೆ ಆ ವ್ಯತ್ಯಾಸವೇ ಗೊತ್ತಿಲ್ಲ ಅನ್ನಿ,” ಎಂದು ಅವರು ನಕ್ಕರು.

“ಗೊತ್ತು ಸರ್. ‘ಪುಸ್ತಕ ಓದ್ದೆ’ ಅಂದ್ರೆ ಯಾವ್ದೋ ಒಂದು. ‘ಪುಸ್ತಕಾನ ಓದ್ದೆ’ ಅಂದ್ರೆ ಇಂಥದ್ದೇ ಅಂತ. ನಾವು ಬೇಕಾದಾಗ ತೋರಿಸ್ತೀವಿ, ಇಂಗ್ಲಿಷ್ ಪ್ರತಿ ಸಲ ತೋರಿಸು ಅಂತದೆ. ಮಕ್ಕಳು ಎಡವೋದು ಅಲ್ಲಿ.”

“ಕೂತ್ಕೊಳ್ಳಿ ಮೇಡಂ.”

“ಅಸಡ್ಡೆ ಅಂದಿದ್ದನ್ನ ವಾಪಸ್ ತಗೊಳ್ಳಿ, ಕೂರ್ತೀನಿ.”

ಅವರು ವಾಪಸ್ ತೆಗೆದುಕೊಳ್ಳಲಿಲ್ಲ. ಊಟದ ಬಿಡುವಿನವರೆಗೂ ನಾನು ನಿಂತೇ ಇದ್ದೆ. ಮರುದಿನ ನನ್ನ ತರಗತಿಯಲ್ಲಿ ಕೆಂಪು ಪೆನ್ನು ಬದಿಗಿಟ್ಟು, “ಯಾವ್ದು ಅಂತ ಕೇಳೋರಿಗೆ ಗೊತ್ತಾ?” ಎಂದು ಕೇಳುತ್ತ ಪಾಠ ಶುರು ಮಾಡಿದೆ. ಈಗಲೂ ಹಾಗೆಯೇ ಕಲಿಸುತ್ತೇನೆ.