ನಾಲ್ಕನೇ ಸೆಷನ್ನಿನ ವಿಡಿಯೊ

ಚಳ್ಳಕೆರೆಯ ಕಾಲೇಜಿನಲ್ಲಿ ಆಪ್ತಸಮಾಲೋಚಕಿಯಾಗಿದ್ದಾಗ, ಜನರೆದುರು ಮಾತಾಡಲು ಹೆದರುವ ವಿದ್ಯಾರ್ಥಿಗಳ ಗುಂಪಿಗೆ ಹನ್ನೆರಡು ಸೆಷನ್‌ಗಳನ್ನು ರೂಪಿಸುತ್ತಿದ್ದೆ. ಮೊದಲೆರಡರಲ್ಲಿ ಭಯವನ್ನು ಅರಿಯುವುದು, ಮೂರನೆಯದರಲ್ಲಿ ಭಯ ಮರೆಮಾಡಲು ತಲೆ ಬಗ್ಗಿಸಿಕೊಳ್ಳುವಂಥ ಅಭ್ಯಾಸಗಳನ್ನು ಬಿಟ್ಟು ಮಾತಾಡಿ ನೋಡುವುದು, ನಾಲ್ಕನೆಯದರಲ್ಲಿ ತಾವು ಮಾತಾಡಿದ ವಿಡಿಯೊವನ್ನು ತಾವೇ ನೋಡುವುದು, ಆಮೇಲೆ ಹತ್ತರವರೆಗೆ ಹೆದರುವ ಸನ್ನಿವೇಶಗಳನ್ನೇ ಎದುರಿಸುವುದು, ಕೊನೆಯೆರಡರಲ್ಲಿ ಭಯ ಮರಳಿದರೆ ಏನು ಮಾಡಬೇಕೆಂಬುದು.

ನಾಲ್ಕನೆಯದನ್ನು ಮೊಳಕಾಲ್ಮೂರಿನ ವಿದ್ಯಾರ್ಥಿನಿಯೊಬ್ಬಳೊಂದಿಗೆ ಮೊದಲೇ ಮಾಡಿ ನೋಡಿದೆ. ಅವಳು ಮಾತಾಡಿದ್ದನ್ನು ಚಿತ್ರೀಕರಿಸಿ, ತೋರಿಸುವ ಮುನ್ನ ಕೇಳಿದೆ.

"ವಿಡಿಯೊದಲ್ಲಿ ಏನು ಕಾಣಬಹುದು?"

"ಕೈ ಗಡಗಡ ನಡುಗ್ತಿರ್ತಾವೆ ಮೇಡಂ."

"ಯಾರೋ ಗೊತ್ತಿಲ್ಲದ ಹುಡುಗಿ ಅಂದ್ಕೊಂಡು ನೋಡು."

ಪರದೆಯ ಹುಡುಗಿ ನಡುಗದೆ ಮಾತಾಡಿದಳು. ನೋಡುತ್ತಿದ್ದವಳು ಬಿಳಿಚಿಕೊಂಡಳು.

"ಇವಳಿಗೆ ಹೆದರಿಕೇನೇ ಇಲ್ಲ. ಹಂಗಾದ್ರೆ ಇಷ್ಟು ವರ್ಷ ನನ್ನೊಳಗೆ ಹೆದರ್ಕೊಂಡು ಕುಂತಿರೋದು ಯಾರ್ರಿ?"

ಕೋಣೆಯಲ್ಲಿ ಇನ್ನೊಬ್ಬರು ಇದ್ದಂತೆ ನನಗೆನಿಸಿತು. ಅವಳ ಆ ಪ್ರಶ್ನೆಯ ಬಗ್ಗೆ ಗುಂಪಿನವರೆಲ್ಲ ಮಾತಾಡಿಕೊಳ್ಳಲೆಂದು ಐದನೇ ಸೆಷನ್ನಿನ ಆರಂಭವನ್ನು ಖಾಲಿ ಬಿಟ್ಟೆ.