ಆರರ ಹತ್ತಿರ ಬಾರದ್ದು

ಬೀಳಗಿಯ ಆ ಖಾಸಗಿ ಕಾಲೇಜಿಗೆ ಡೆಮೊ ಕ್ಲಾಸು ಕೊಡಲು ಹೋದ ದಿನ ನನಗೆ ಹೊರಡುವ ಮೊದಲೇ ಸಾಕಾಗಿತ್ತು. ಜಮಖಂಡಿಯಲ್ಲಿ ಅತಿಥಿ ಉಪನ್ಯಾಸಕಿಯಾಗಿ ಗಣಿತ ಹೇಳಿ ಹೇಳಿ ಗಂಟಲು ಒಣಗಿತ್ತು, ಆದರೂ ಇನ್ನೂ ಅತಿಥಿಯೇ. ಇಷ್ಟು ವರ್ಷ ಕೂತ ಅತಿಥಿಯನ್ನು ಯಾವ ಮನೆಯವರೂ ಇಟ್ಟುಕೊಳ್ಳುವುದಿಲ್ಲ. ಇಲ್ಲಿಯದು ಖಾಯಂ ಹುದ್ದೆ ಎಂದಿದ್ದರು. ಆ ಒಂದು ಮಾತಿಗಾಗಿ ಬನಹಟ್ಟಿಯಿಂದ ಬೆಳಗಿನ ಬಸ್ಸು ಹಿಡಿದು, ಜಮಖಂಡಿಯಲ್ಲಿ ಬದಲಿಸಿ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಾ ಬಂದು ಇಳಿದಿದ್ದೆ.

ಡೆಮೊ ಅಂದರೆ ಒಂದು ನಾಟಕ. ಆಯ್ಕೆ ಮಾಡುವವರು ಹುಡುಗರ ಬೆಂಚಿನಲ್ಲಿ ಕೂತು ಹುಡುಗರಂತೆ ಪ್ರಶ್ನೆ ಕೇಳುತ್ತಾರೆ, ನಾವು ಅವರನ್ನು ಹುಡುಗರೆಂದು ತಿಳಿದು ಪಾಠ ಮಾಡಬೇಕು. ಮುಂದಿನ ಬೆಂಚಿನಲ್ಲಿ ಸಂಸ್ಥೆಯ ಚೇರ್ಮನ್ನರು, ಪಕ್ಕದಲ್ಲಿ ಪ್ರಿನ್ಸಿಪಾಲರು. ಹಿಂದಿನ ಬೆಂಚಿನಲ್ಲಿ ವಿಷಯ ತಜ್ಞರೆಂದು ಕರೆಸಿದ್ದ ನಿವೃತ್ತ ಗಣಿತ ಪ್ರಾಧ್ಯಾಪಕರು, ಮೊಣಕಾಲು ಹಿಡಿಸದೆ ಅಡ್ಡ ಕೂತಿದ್ದರು.

ಲೆಕ್ಕ ಕೊಟ್ಟವರು ಅವರೇ. x ಎರಡರ ಹತ್ತಿರ ಹೋದಾಗ 3x + 1 ಆರರ ಹತ್ತಿರ ಹೋಗುವುದಿಲ್ಲ ಎಂದು ತೋರಿಸಬೇಕು. "ಲಿಮಿಟ್ ಏಳು, ಅದಕ್ಕ ಆರಲ್ಲ ಅನಬ್ಯಾಡ್ರಿ. ವ್ಯಾಖ್ಯೆ ತಿರುವಿ ಹಾಕಿ ತೋರಸ್ರಿ," ಎಂದರು.

ವ್ಯಾಖ್ಯೆ ಬರೆದೆ. ಲಿಮಿಟ್ ಆರು ಎನ್ನಬೇಕಾದರೆ, ನೀವು ಎಷ್ಟೇ ಚಿಕ್ಕ ಎಪ್ಸಿಲಾನ್ ಕೊಟ್ಟರೂ ನಾನೊಂದು ಡೆಲ್ಟಾ ಹುಡುಕಿ ಕೊಡಬೇಕು. ಎರಡನ್ನು ಬಿಟ್ಟು, ಎರಡರಿಂದ ಡೆಲ್ಟಾಕ್ಕಿಂತ ಕಡಿಮೆ ದೂರದಲ್ಲಿರುವ ಪ್ರತಿಯೊಂದು xಗೂ 3x + 1ರ ಬೆಲೆ ಆರರಿಂದ ಎಪ್ಸಿಲಾನ್‌ಗಿಂತ ಕಡಿಮೆ ದೂರದಲ್ಲಿರಬೇಕು. ಅಲ್ಲ ಎನ್ನುವಾಗ ಪಾತ್ರಗಳು ಬದಲಾಗುತ್ತವೆ. ಎಪ್ಸಿಲಾನ್ ನಾನು ಆರಿಸುತ್ತೇನೆ, ಒಂದೇ ಒಂದು. ಡೆಲ್ಟಾ ಎದುರಿನವರದು, ಏನು ಬೇಕಾದರೂ ಕೊಡಲಿ. ಅದರೊಳಗೆ ಮಾತು ಕೇಳದ ಒಂದು x ಅನ್ನು ನಾನು ಹಿಡಿದು ತೋರಿಸಬೇಕು.

"ಎಪ್ಸಿಲಾನ್ ಒಂದು," ಎಂದೆ. ಕೈ ತನ್ನ ಪಾಡಿಗೆ ಮುಂದಿನ ಸಾಲು ಬರೆಯಿತು: ಡೆಲ್ಟಾ = 1 ಇರಲಿ. ಲಿಮಿಟ್ ಇದೆ ಎಂದು ಸಾಧಿಸುವ ಲೆಕ್ಕಗಳಲ್ಲಿ ವರ್ಷವಿಡೀ ಬರೆಯುವ ಸಾಲು ಅದು. x ಎರಡೂವರೆ, ಬೆಲೆ ಎಂಟೂವರೆ, ಆರರಿಂದ ಎರಡೂವರೆ ದೂರ, ಒಂದಕ್ಕಿಂತ ಹೆಚ್ಚು, ಮುಗಿಯಿತು. ಚೇರ್ಮನ್ನರು ತಲೆಯಾಡಿಸಿದರು.

ಹಿಂದಿನ ಬೆಂಚಿನಿಂದ ಕೈ ಮೇಲೆದ್ದಿತು. "ಮೇಡಂ, ನನ್ನ ಡೆಲ್ಟಾ ಪಾಯಿಂಟ್ ಒಂದು ಐತ್ರಿ. ನಿಮ್ಮ ಎರಡೂವರಿ ನನ್ನ ಹದ್ದಿನಾಗ ಬರಂಗೇ ಇಲ್ಲಲ್ರಿ?"

ಡೆಲ್ಟಾ ನನ್ನದಲ್ಲ ಎಂದು ಈಗತಾನೇ ಹೇಳಿ, ನಾನೇ ಅದನ್ನು ಕಸಿದುಕೊಂಡಿದ್ದೆ. ಹುದ್ದೆ ಕೈತಪ್ಪಿತು ಅನ್ನಿಸಿತು. ಡಸ್ಟರ್ ಸಿಗದೆ ಅಂಗೈಯಿಂದಲೇ ಆ ಸಾಲನ್ನು ಒರೆಸಿದೆ.

"ತಪ್ಪಾತ್ರಿ ಸರ್. ನಿಮ್ಮ ಡೆಲ್ಟಾ ಹೇಳಬ್ಯಾಡ್ರಿ, ಬಚ್ಚಿಟ್ಕೋರಿ. ನನ್ನ x ಎರಡು ಕೂಡಸು ಡೆಲ್ಟಾದ ಅರ್ಧ."

ಅದು ಅವರ ಹದ್ದಿನೊಳಗೇ ಇದೆ, ಎರಡಕ್ಕೆ ಸಮವೂ ಅಲ್ಲ. ಬೆಲೆ ಏಳು ಕೂಡಿಸು ಡೆಲ್ಟಾದ ಒಂದೂವರೆ ಪಟ್ಟು. ಆರನ್ನು ಕಳೆದರೆ ಒಂದು, ಮೇಲೆ ಇನ್ನಷ್ಟು. ಡೆಲ್ಟಾ ಎಷ್ಟೇ ಸಣ್ಣದಾದರೂ ಆ ಒಂದು ಕರಗುವುದಿಲ್ಲ. "ಎಷ್ಟಾರ ಹತ್ರ ಬರ್ರಿ, ಈ ಅಂತರ ಹೋಗಂಗಿಲ್ರಿ," ಎಂದೆ. ಮುದುಕರು ಬೆಂಚು ತಟ್ಟಿ ನಕ್ಕರು. "ಛಲೋ ಆತ್ ನೋಡ್ರಿ. ತಪ್ಪಿದ್ದನ್ನ ಬೋರ್ಡಿನ ಮ್ಯಾಲೇ ತಿದ್ದಿದ್ರಿ, ನನಗ ಇಷ್ಟು ಸಾಕು." ನನಗೆ ಅಳು ಬರುವಷ್ಟು ಖುಷಿಯಾಯಿತು.

ಚಹಾ ಬಂತು. ಚೇರ್ಮನ್ನರು ನನ್ನನ್ನು ಪಕ್ಕಕ್ಕೆ ಕರೆದು, "ಆಯ್ಕೆ ನಿಮ್ದ ರೀ. ಖಾಯಂ ಮಂಜೂರಿ ಅಷ್ಟ ಇನ್ನೂ ಬಂದಿಲ್ಲ. ಸದ್ಯ ಅತಿಥಿ ಅಂತ ಸೇರ್ಕೋರಿ. ಇನ್ನೇನ್ ಹತ್ರ ಬಂದೈತಿ," ಎಂದರು.

"ಎಷ್ಟು ಹತ್ರ ರೀ?"

"ವರ್ಷ ಅನ್ರಿ. ಆರು ತಿಂಗಳಾದ್ರೂ ಆತು."

ಜಮಖಂಡಿಯಲ್ಲೂ ಮೊದಲು ಎರಡು ವರ್ಷ ಎಂದರು, ಆಮೇಲೆ ಒಂದು, ಆಮೇಲೆ ಬರುವ ದೀಪಾವಳಿ. ಹತ್ತಿರ ಹತ್ತಿರ ಬಂದಷ್ಟೂ ನಾನು ನಿಂತಲ್ಲೇ ನಿಂತಿದ್ದೆ. ಬೋರ್ಡಿನ ಮೇಲೆ ನನ್ನ ಅಕ್ಷರ ಇನ್ನೂ ಇತ್ತು. "ಆರ್ಡರ್ ಕೈಗೆ ಕೊಡ್ರಿ, ಮರುದಿನ ಬರ್ತೀನಿ. ಅಲ್ಲೀತನಕ ಇಲ್ಲ," ಎಂದೆ. ಜಮಖಂಡಿಯಲ್ಲಿ ಒಮ್ಮೆಯೂ ಬಾಯಿಗೆ ಬಾರದಿದ್ದ ಮಾತು ಅದು.

ತಿರುಗಿ ಬರುವ ಬಸ್ಸಿನಲ್ಲಿ ಅವ್ವ ಫೋನು ಮಾಡಿದಳು. "ಆತೇನವ್ವಾ?"

"ಹತ್ರ ಬಂದೈತಂತ."

"ಹೋದ ಸಲಾನೂ ಹಂಗ ಅಂದಿದ್ದಿ," ಎಂದಳು.

"ಹೌದು. ಈ ಸಲ ಒಲ್ಲೆ ಅಂದು ಬಂದೆ."

ಅವ್ವ ಊಟಕ್ಕೆ ಏನು ಮಾಡಲಿ ಎಂದು ಕೇಳಿದಳು. ಚೇರ್ಮನ್ನರು ಈಗಲೂ ಪ್ರತಿ ಜೂನ್‌ನಲ್ಲಿ ಫೋನು ಮಾಡುತ್ತಾರೆ. ಹತ್ತಿರ ಬಂದಿದೆಯಂತೆ.